ಮೂರನೆಯ ದಿಂಬು

ಶ್ರಾವಣದಲ್ಲಿ ಒಂದೇ ದಿಂಬಿತ್ತು. ದೀಪಾವಳಿಯ ಹೊತ್ತಿಗೆ ಎರಡಾದವು. ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ ಮೂರನೆಯದೂ ಅವಳ ಬೆನ್ನ ಹಿಂದೆ ಹೋಯಿತು. ಅದು ನನ್ನದು. ನಾನು ಚಾದರವನ್ನು ನಾಲ್ಕು ಮಡಿಕೆ ಮಾಡಿ ತಲೆಗಿಟ್ಟುಕೊಂಡು ಮಲಗತೊಡಗಿದೆ. ಕುತ್ತಿಗೆ ಹಿಡಿದಿದೆ ಎಂದಳು, ನಂಬಿದೆ. ಅಂಚೆ ಕಚೇರಿಯಲ್ಲಿ 35 ವರ್ಷ ಪೈಸೆ ಪೈಸೆಗೆ ಲೆಕ್ಕ ಒಪ್ಪಿಸಿದ ನಾನು ಮನೆಯ ದಿಂಬುಗಳ ಲೆಕ್ಕ ಇಡಲಿಲ್ಲ.

ನನ್ನ ಹೆಂಡತಿಗೆ ಊರಲ್ಲಿ ಹೆಸರಿಲ್ಲ. ಹೆಸರು ಶಾರದೆ ಎಂದು ರೇಷನ್ ಕಾರ್ಡಿನಲ್ಲಿದೆ, ಆದರೆ ಎಲ್ಲರಿಗೂ ಅವಳು ಅಕ್ಕೋರು. ತರಕಾರಿಯವನಿಗೂ ಅಕ್ಕೋರು, ಎದುರು ಮನೆಯ ಮುದುಕಿಗೂ ಅಕ್ಕೋರು. ಸಿಟ್ಟು ಬಂದಾಗ ನನಗೂ. ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಾಲ್ಕು ವರ್ಷದ ಹಿಂದೆ ನಿವೃತ್ತಳಾದಳು. ನಿವೃತ್ತಿಯಾದರೂ ಬೆರಳ ತುದಿಯಲ್ಲಿ ಸೀಮೆಸುಣ್ಣ ಹಿಡಿದಂತೆಯೇ ಮಾತಾಡುತ್ತಾಳೆ.

ಆ ಚಳಿಗಾಲದಲ್ಲಿ ನಸುಕಿನ ನಾಲ್ಕಕ್ಕೆ ಎದ್ದು ಕೂರುವುದು ಶುರುವಾಯಿತು. ದಡಕ್ಕನೆ ಏಳುವಳು, ಕಿಟಕಿಯ ಎರಡೂ ಬಾಗಿಲು ತೆರೆಯುವಳು, ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂರುವಳು. ಅರ್ಧ ತಾಸಿಗೆ ಉಸಿರು ಹದಕ್ಕೆ ಬರುತ್ತಿತ್ತು. ಆಮೇಲೆ ಅಂಗಳದ ಕಟ್ಟೆಗೆ ಹೋಗಿ ಹಾಲಿನವನು ಬರುವ ತನಕ ಅಲ್ಲಿಯೇ. ವಯಸ್ಸಾದ ಮೇಲೆ ದೇವರ ಕಡೆ ಮನಸ್ಸು ತಿರುಗಿದೆ, ಬ್ರಾಹ್ಮೀ ಮುಹೂರ್ತದಲ್ಲಿ ಏಳುತ್ತಿದ್ದಾಳೆ ಎಂದು ನಾನು ಮಗನಿಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದ್ದೂ ಉಂಟು. ನಾಚಿಕೆಯಾಗುತ್ತದೆ, ಆದರೂ ಹೇಳಿದ್ದೇನೆ.

ಇನ್ನೊಂದು ಗುರುತು ಬಾಗಿಲ ಮುಂದೆಯೇ ಬಿದ್ದಿತ್ತು. ಅವಳದು ಹದಿನೈದು ಚುಕ್ಕಿಯ ರಂಗೋಲಿ. ಮಹಾನವಮಿಗೆ ಅದು ಒಂಬತ್ತಾಗಿತ್ತು. ಆಮೇಲೆ ಏಳು. ಜನವರಿಯಲ್ಲಿ ಐದು ಚುಕ್ಕಿ ಇಟ್ಟು, ಎರಡು ಗೆರೆ ಎಳೆದು, ಮೊಣಕಾಲ ಮೇಲೆ ಕೈಯೂರಿ ನಿಂತು, ಬಾಯಿ ತೆರೆದು ಉಸಿರೆಳೆದು, ಮತ್ತೆ ಬಗ್ಗುತ್ತಿದ್ದಳು. ನಾನು ಪತ್ರಿಕೆ ಓದುತ್ತ ಕೂತಿರುತ್ತಿದ್ದ ಕುರ್ಚಿಯಿಂದ ಅದು ಹತ್ತು ಹೆಜ್ಜೆ ದೂರ.

“ಸುಣ್ಣದ ಧೂಳು” ಎಂದಳು ಕೇಳಿದಾಗ. “34 ವರ್ಷ ಕುಡಿದಿದ್ದೇನಲ್ಲ, ಈಗ ಬಡ್ಡಿ ಕೇಳುತ್ತಿದೆ.”

ವಿಜ್ಞಾನದ ಅಕ್ಕೋರು ಹೇಳಿದ ಮೇಲೆ ಮುಗಿಯಿತು. ಎದುರು ಮನೆಯವರು ತುಳಸಿ ಕಷಾಯ ಹೇಳಿದರು, ನನ್ನ ತಂಗಿ ಓಮದ ಹೊಗೆ ಹೇಳಿದಳು. ಹತ್ತಿರದ ಒಂದು ದವಾಖಾನೆಯಲ್ಲಿ ದಮ್ಮು ಎಂದು ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಟ್ಟರು. ಎರಡು ತಿಂಗಳು ಹೊಡೆದುಕೊಂಡಳು. ಎದೆ ಇನ್ನಷ್ಟು ಡವಗುಟ್ಟಿತೇ ಹೊರತು ನಾಲ್ಕರ ಏಳುವಿಕೆ ತಪ್ಪಲಿಲ್ಲ.

ಫೆಬ್ರುವರಿಯ ಒಂದು ನಸುಕಿನಲ್ಲಿ ಕಟ್ಟೆಯ ಮೇಲೂ ಉಸಿರು ಇಳಿಯಲಿಲ್ಲ. ಎದೆಯಲ್ಲಿ ಗೊರಗೊರ ಸದ್ದು. ಪಕ್ಕದ ಸೆಕ್ಟರಿನ ಹುಡುಗನ ಆಟೋದಲ್ಲಿ ಕೂರಿಸಿಕೊಂಡು ಹೊರಟೆವು. ನವನಗರದ ರಸ್ತೆಗಳು ಅಗಲ, ಆ ಹೊತ್ತಿನಲ್ಲಿ ಖಾಲಿ. ಅಂದು ಮಾತ್ರ ಒಂದೊಂದು ಸರ್ಕಲ್ಲೂ ಒಂದೊಂದು ಊರಿನಷ್ಟು ದೂರ ಕಂಡಿತು.

ರಾತ್ರಿ ಪಾಳಿಯ ಡಾಕ್ಟರು ತೀರಾ ಸಣ್ಣ ವಯಸ್ಸಿನವಳು. ನಮ್ಮ ಸೊಸೆಗಿಂತ ಚಿಕ್ಕವಳಿರಬೇಕು. ಆಮ್ಲಜನಕದ ಮುಖವಾಡ ಕಟ್ಟಿಸಿ, ನೀರಿಳಿಸುವ ಸೂಜಿ ಕೊಡಿಸಿದರು. ಸೂರ್ಯ ಮೂಡುವಷ್ಟರಲ್ಲಿ ಇವಳು ಮೂರು ಸಲ ಮೂತ್ರಕ್ಕೆ ಹೋಗಿ ಬಂದು, ಮಾತಾಡುವಷ್ಟು ಸುಧಾರಿಸಿದ್ದಳು. ಆಗ ಆ ಹುಡುಗಿ ಸ್ಟೂಲು ಎಳೆದುಕೊಂಡು ಕೂತು ಕೇಳಿದ ಮೊದಲ ಪ್ರಶ್ನೆ:

“ರಾತ್ರಿ ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ, ಅಮ್ಮ?”

ಇವಳು ನನ್ನ ಮುಖ ನೋಡಿದಳು. ನಾನು ಹೇಳಿದೆ: “ಮೂರು. ಅದರಲ್ಲಿ ಒಂದು ನನ್ನದು.”

ಡಾಕ್ಟರು ನಗಲಿಲ್ಲ, ಬರೆದುಕೊಂಡರು. ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದರು. ತಾಳ ತಪ್ಪಿದೆ, ಒಂದು ಬಡಿತಕ್ಕೂ ಇನ್ನೊಂದಕ್ಕೂ ಹೊಂದಿಕೆಯಿಲ್ಲ ಎಂದರು. ಎಡಮಗ್ಗುಲಾಗಿ ಮಲಗಿಸಿ, ಸ್ಟೆತಾಸ್ಕೋಪನ್ನು ಎದೆಯ ಕೆಳಭಾಗಕ್ಕೆ ಒತ್ತಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಫ್ಯಾನು ಬಂದ್ ಮಾಡಿಸಿದರು. ಮತ್ತೆ ಕೇಳಿದರು.

“ಸಣ್ಣವರಿದ್ದಾಗ ಜ್ವರ ಬಂದು ಕೀಲುಗಳು ಬಾತಿದ್ದವೇ?”

40 ವರ್ಷದ ಸಂಸಾರದಲ್ಲಿ ನಾನು ಕೇಳದ ಪ್ರಶ್ನೆ. ಇವಳು ಗೋಡೆಯ ಕಡೆ ಮುಖ ಮಾಡಿಯೇ ಉತ್ತರಿಸಿದಳು. ನಾಲ್ಕನೆಯ ಇಯತ್ತೆ. ಹಳೆ ಬಾಗಲಕೋಟೆಯ ಮನೆ, ಎರಡು ಖೋಲಿ, ಹತ್ತು ಮಂದಿ. ಮೊದಲು ಗಂಟಲು ನೋವು, ಅದು ಹೋಯಿತು ಎನ್ನುವಷ್ಟರಲ್ಲಿ ಜ್ವರ. ಇಂದು ಮೊಣಕಾಲು ಬಾತರೆ ನಾಳೆ ಅದು ಇಳಿದು ಮೊಣಕೈ ಬಾಯುತ್ತಿತ್ತು. ಅವಳ ಅವ್ವ ಎಕ್ಕೆಯ ಎಲೆಗೆ ಎಣ್ಣೆ ಸವರಿ, ಕೆಂಡಕ್ಕೆ ಹಿಡಿದು ಕಟ್ಟುತ್ತಿದ್ದಳು. ಮೂರು ತಿಂಗಳು ಶಾಲೆ ತಪ್ಪಿತು. ಮಾಸ್ತರರು ಮನೆಗೆ ಬಂದು, ಜಾಣೆ ಇದ್ದಾಳೆ ಎಂದು ಹಾಜರಿ ತುಂಬಿ ಪಾಸು ಮಾಡಿದರು.

“ಕೀಲುನೋವು ಪೂರ್ತಿ ಹೋಯಿತಲ್ಲ” ಎಂದಳು ಕೊನೆಗೆ, ಅಪರಾಧ ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ.

“ಕೀಲು ಬಿಟ್ಟು ಹೋಗುತ್ತದೆ. ಹೃದಯವನ್ನು ಬಿಟ್ಟಿರುವುದಿಲ್ಲ” ಎಂದರು ಡಾಕ್ಟರು.

ಎಕೋ ಕೋಣೆ ಕತ್ತಲು. ನನ್ನನ್ನೂ ಒಳಗೆ ಬಿಟ್ಟರು. ಎದೆಗೆ ತಣ್ಣನೆಯ ಅಂಟು ಸವರಿ ಸಾಧನವನ್ನು ಒತ್ತಿದಾಗ ಪರದೆಯ ಮೇಲೆ ಬೂದು ಬಣ್ಣದ ಏನೋ ಒಂದು ಮಿಸುಕಾಡತೊಡಗಿತು. ನನಗೆ ಅದು ಮಳೆಯಲ್ಲಿ ಕಂಡ ಟೀವಿಯಂತೆ. ಇವಳು ಮಲಗಿದಲ್ಲಿಂದಲೇ ಕತ್ತು ತಿರುಗಿಸಿ, “ಅದು ಎಡ ಹೃತ್ಕರ್ಣವೇ? ಇಷ್ಟು ದೊಡ್ಡದಾಗಿದೆಯೇ?” ಎಂದಳು. ಪರೀಕ್ಷೆ ಮಾಡುತ್ತಿದ್ದವರು ಕೈ ನಿಲ್ಲಿಸಿದರು. “ಕೆಳಗೆ ದ್ವಿದಳ ಕವಾಟ. ಅದು ಏಕೆ ಪೂರ್ತಿ ತೆರೆಯುತ್ತಿಲ್ಲ?”

ಅದೇ ವಿಷಯ. ಬಾಗಿಲಿನ ಎರಡು ಪದರಗಳು ಅಂಚಿನಲ್ಲಿ ಅಂಟಿಕೊಂಡು ಮೀನಿನ ಬಾಯಿಯಷ್ಟೇ ತೆರೆಯುತ್ತಿದ್ದವು. 4ರಿಂದ 6 ಚದರ ಸೆಂಟಿಮೀಟರ್ ತೆರೆಯಬೇಕಾದದ್ದು ಬರೀ ಒಂದು. ಮೈಟ್ರಲ್ ಸ್ಟೆನೋಸಿಸ್ ಎಂದು ಕಾಗದದಲ್ಲಿ ಬರೆದುಕೊಟ್ಟರು. ಗಂಟಲಿನ ಸೋಂಕಿನ ವಿರುದ್ಧ ಹೋರಾಡಲು ಎದ್ದ ಮೈಯ ಕಾವಲು ಪಡೆ, ವೈರಿ ಯಾರು, ಮನೆಯವರು ಯಾರು ಎಂದು ತಿಳಿಯದೆ ಹೃದಯದ ಕವಾಟಕ್ಕೇ ಕೈ ಮಾಡಿತ್ತಂತೆ. ಆ ಗಾಯ ಐವತ್ತು ಚಿಲ್ಲರೆ ವರ್ಷ ಸದ್ದಿಲ್ಲದೆ ಗಟ್ಟಿಯಾಗುತ್ತ ಬಂದಿತ್ತು.

ಮನೆಗೆ ಬಂದ ಸಂಜೆ ನಾನು ಮಂಕಾಗಿ ಕೂತಿದ್ದೆ. ಅವಳು ಅಡುಗೆ ಮನೆಯಿಂದ ಕ್ಯಾಲೆಂಡರಿನ ಹಳೆಯ ಹಾಳೆ ತಂದು ಹಿಂಬದಿಯಲ್ಲಿ ಹೃದಯ ಬರೆದಳು. ಎಂಟನೆಯ ತರಗತಿಯ ಫಲಕದ ಮೇಲೆ ಬರೆದ ಅದೇ ಕೈ. ನಾಲ್ಕು ಕೋಣೆ, ನಾಲ್ಕು ಕವಾಟ, ಒಂದೇ ಉಸಿರಿಗೆ. ಅಲ್ಲ, ಎರಡು ಉಸಿರಿಗೆ.

“ಆಲಮಟ್ಟಿಯ ಗೇಟುಗಳು ಎಷ್ಟು?”

“26” ಎಂದೆ.

“ಮುಚ್ಚಿದರೆ ಏನಾಗುತ್ತದೆ?”

“ನೀರು ಹಿಂದಕ್ಕೆ ಬರುತ್ತದೆ.”

“ಎಲ್ಲಿಯವರೆಗೆ?”

ನಾನು ಸುಮ್ಮನಾದೆ. ಎಲ್ಲಿಯವರೆಗೆ ಎಂಬುದು ನಮ್ಮಿಬ್ಬರಿಗೂ ಗೊತ್ತು. ಅವಳ ತವರಿನ ಆ ಎರಡು ಖೋಲಿಯ ಮನೆ ಮುಳುಗಡೆಯಲ್ಲಿ ಹೋಯಿತು. ಪರಿಹಾರದ ಚೆಕ್ಕು ಬಂದ ದಿನ ಅವಳ ಅವ್ವ ಹೊಸ್ತಿಲ ಮೇಲೆ ಕೂತು ಎದ್ದಿರಲಿಲ್ಲ.

“ನನ್ನದೂ ಅಷ್ಟೇ” ಎಂದಳು, ಪೆನ್ನಿನಿಂದ ಕವಾಟದ ಮೇಲೆ ಗೀಟು ಹೊಡೆಯುತ್ತ. “ಗೇಟು ಎತ್ತುತ್ತಿಲ್ಲ. ರಕ್ತ ಶ್ವಾಸಕೋಶಕ್ಕೆ ಹಿನ್ನೀರಾಗಿ ನಿಲ್ಲುತ್ತಿದೆ. ಹಗಲೆಲ್ಲ ಕಾಲಿಗೆ ಇಳಿದದ್ದು ರಾತ್ರಿ ಮಲಗಿದಾಗ ಮೇಲಕ್ಕೆ ಸೇರಿಕೊಳ್ಳುತ್ತದೆ. ಅದಕ್ಕೇ ನಾಲ್ಕಕ್ಕೆ ಎಚ್ಚರ. ಎದ್ದು ಕೂತರೆ ಇಳಿಯುತ್ತದೆ. ತಿಳಿಯಿತೇ?”

ತಿಳಿಯಿತು ಎಂದೆ. ಮತ್ತೊಮ್ಮೆ ಹೇಳಿಸಿದಳು.

ಮುಂದಿನದನ್ನು ಉದ್ದ ಮಾಡುವುದಿಲ್ಲ. ನೀರಿನ ಮಾತ್ರೆ, ಬಡಿತ ನಿಧಾನಗೊಳಿಸುವ ಮಾತ್ರೆ, ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು ಮಾತ್ರೆ. ಏಪ್ರಿಲಿನಲ್ಲಿ ಲೋಕಾಪುರ, ಯರಗಟ್ಟಿಯ ದಾರಿಯಾಗಿ ಬೆಳಗಾವಿಗೆ ಕರೆದೊಯ್ದೆವು. ಅಲ್ಲಿ ಗಂಟಲಿನೊಳಗೆ ನಳಿಕೆ ಇಳಿಸಿ ಮತ್ತೊಂದು ಎಕೋ ಮಾಡಿದರು. ಹೆಪ್ಪುಗಟ್ಟಿಲ್ಲ, ಸೋರಿಕೆಯೂ ಹೆಚ್ಚಿಲ್ಲ, ಪದರಗಳು ಇನ್ನೂ ಬಾಗುತ್ತವೆ, ಆದ್ದರಿಂದ ಎದೆ ಸೀಳದೆ ಬಲೂನಿನಿಂದ ತೆರೆಯಬಹುದು ಎಂದರು. ನಾನು ಮನಸ್ಸಿನಲ್ಲೇ ಬನಶಂಕರಿಗೆ ಹರಕೆ ಹೊತ್ತೆ. ಇವಳು ಡಾಕ್ಟರನ್ನು ಪ್ರಶ್ನಿಸುತ್ತಿದ್ದಳು:

“ತೊಡೆಸಂದಿನ ಅಭಿಧಮನಿಯಿಂದ ಹೋದರೆ ಬಲಗಡೆಗೆ ಮುಟ್ಟುತ್ತೀರಿ. ಕವಾಟ ಎಡಗಡೆಗಿದೆ. ನಡುವೆ ಗೋಡೆಯಿದೆಯಲ್ಲ?”

“ಗೋಡೆಗೆ ಸಣ್ಣ ತೂತು ಮಾಡುತ್ತೇವೆ, ಅಮ್ಮ.”

“ತೂತೇ!” ಅವಳ ಮುಖ ಅರಳಿತು. “ಇದು ನಮ್ಮ ಪುಸ್ತಕದಲ್ಲಿ ಇರಲಿಲ್ಲ.”

ಹೊರಗೆ ಬೆಂಚಿನ ಮೇಲೆ ಕೂತ ಆ ಒಂದೂವರೆ ತಾಸು ನಾನು ಏನು ಮಾಡಿದೆ ಎಂದರೆ, ಕಿಸೆಯಲ್ಲಿದ್ದ ಆ ಕ್ಯಾಲೆಂಡರ್ ಹಾಳೆ ತೆಗೆದು ನಾಲ್ಕೂ ಕವಾಟಗಳ ಹೆಸರು ಬಾಯಿಪಾಠ ಮಾಡಿದೆ. ಬಂದು ಕೇಳುತ್ತಾಳೆ ಎಂಬ ಧೈರ್ಯಕ್ಕೆ. ಕೇಳಿದಳು ಕೂಡ, ಸಂಜೆ, ಒಣಗಿದ ತುಟಿಯಲ್ಲಿ. ಒಂದು ತಪ್ಪಿತು.

ಒಂದು ಇದ್ದದ್ದು 1.8 ಆಗಿದೆ ಎಂದರು. ಪೂರ್ತಿ ಬಾಗಿಲಲ್ಲ, ಆದರೆ ಮನುಷ್ಯ ಓಡಾಡಬಹುದಾದಷ್ಟು. ವರ್ಷಗಳು ಕಳೆದಂತೆ ಮತ್ತೆ ಕಿರಿದಾಗಬಹುದು, ತಪಾಸಣೆ ತಪ್ಪಿಸಬೇಡಿರಿ ಎಂದೂ ಹೇಳಿದರು. ಹೆಪ್ಪಿನ ಮಾತ್ರೆ ಮುಂದುವರಿಯುತ್ತದೆ. ರಕ್ತ ಪರೀಕ್ಷೆಯ ಐಎನ್‌ಆರ್ ಅಂಕಿ 2ರಿಂದ 3ರ ಒಳಗೆ ಇರಬೇಕು, ಆದ್ದರಿಂದ ಮೆಂತ್ಯಪಲ್ಲೆ, ರಾಜಗಿರಿ ಒಂದು ವಾರ ಹೊರೆ, ಒಂದು ವಾರ ಇಲ್ಲ ಎನ್ನುವಂತಿಲ್ಲ. ವಾರವಾರ ಒಂದೇ ಅಳತೆ. ಆ ಅಂಕಿಗಳ ನೋಟುಬುಕ್ಕು ನನ್ನ ಜವಾಬ್ದಾರಿ. ಅಂಚೆಯ ಲೆಕ್ಕಕ್ಕಿಂತ ಚೊಕ್ಕಟವಾಗಿ ಇಟ್ಟಿದ್ದೇನೆ.

ಮೇ ತಿಂಗಳಲ್ಲಿ ಅರಳೆ ಹಿಂಜುವವನು ಸೈಕಲ್ಲಿನ ಮೇಲೆ ಬಿಲ್ಲು ಕಟ್ಟಿಕೊಂಡು ಬೀದಿಗೆ ಬಂದ. ಮೂರೂ ದಿಂಬುಗಳನ್ನು ಹೊರಗೆ ತಂದೆ. ನನ್ನದು ನಡುವೆ ಬಟ್ಟಲಿನಂತೆ ತಗ್ಗು ಬಿದ್ದು, ಗಂಟು ಗಂಟಾಗಿತ್ತು. ಆ ತಗ್ಗು ಅವಳ ಬೆನ್ನಿನದು.

“ಮೂರೂ ಹಿಂಜಿಬಿಡಲೇ, ಯಜಮಾನರೇ?”

ಅವಳು ಬಾಗಿಲ ಮುಂದೆ ಹನ್ನೊಂದನೆಯ ಚುಕ್ಕಿ ಇಡುತ್ತಿದ್ದಳು. ತಲೆ ಎತ್ತದೆ ಹೇಳಿದಳು:

“ಎರಡು ಹಿಂಜು. ಆ ಮೂರನೆಯದು ಹಾಗೇ ಇರಲಿ.”

“ಇದು ನನ್ನದಲ್ಲವೇ?” ಎಂದೆ.

“ನಿಮಗೆ ಹೊಸದು ಹೊಲಿಸೋಣ” ಎಂದು ಮುಂದಿನ ಚುಕ್ಕಿಗೆ ಹಿಟ್ಟು ತೆಗೆದುಕೊಂಡಳು.