ಮೇಷ್ಟ್ರಿಗೊಂದು ಕುರ್ಚಿ: 2001ರ ಬ್ಯಾಚಿನ ಗ್ರೂಪಿಗೆ ಹಾಕಿದ ಮೆಸೇಜುಗಳು

ಏಪ್ರಿಲ್ 19, ಭಾನುವಾರ (ಗ್ರೂಪಿಗೆ)

ಎಲ್ಲರಿಗೂ ನಮಸ್ಕಾರ. ನಾನು ಸುಮಾ. ಮೆಸೇಜು ಸ್ವಲ್ಪ ಉದ್ದ ಇದೆ. ದುಡ್ಡಿನ ವಿಷಯ, ಹಾಗಾಗಿ ದಯವಿಟ್ಟು ಪೂರ್ತಿ ಓದಿ.

ನಮ್ಮ ಲೆಕ್ಕದ ಮೇಷ್ಟ್ರು ಮೇ 31ಕ್ಕೆ ನಿವೃತ್ತರಾಗುತ್ತಿದ್ದಾರೆ. ಅವತ್ತು ಭಾನುವಾರವೇ ಬಂದಿದೆ. ಸಾಗರದಲ್ಲಿ ಎಲ್ಲರೂ ಸೇರಿ, ಅವರನ್ನೂ ಅಮ್ಮನನ್ನೂ ಕರೆದು, ಒಟ್ಟಿಗೆ ಊಟ ಮಾಡಿ ಕಳಿಸೋಣ ಅಂತ ಕಳೆದ ವಾರ ಮಾತಾಗಿತ್ತಲ್ವಾ, ಅದರ ಮುಂದಿನ ಭಾಗ ಇದು.

ಉಡುಗೊರೆ ಏನು ಅಂತ ನಾನು, ನಾಗರಾಜ, ಸವಿತಾ ಕೂತು ಯೋಚಿಸಿದೆವು. ಉಂಗುರ, ಬೆಳ್ಳಿ ದೀಪ ಎಲ್ಲ ಮಾತಿಗೆ ಬಂತು. ಕೊನೆಗೆ ಸವಿತಾ ಒಂದು ಮಾತು ಹೇಳಿದಳು: "ಸರ್ ತರಗತಿಯಲ್ಲಿ ಕೂತಿದ್ದು ನಾನು ನೋಡೇ ಇಲ್ಲ." ನಿಜ. ಅವರ ಕುರ್ಚಿ ಇರುತ್ತಿತ್ತು, ಆದರೆ ಅದರಲ್ಲಿ ಜ್ವರ ಬಂದವರು ಕೂರುತ್ತಿದ್ದರು. ಮಳೆಗಾಲದಲ್ಲಿ ನೆನೆದು ಬಂದು ನಡುಗುತ್ತಿದ್ದವರನ್ನು ಅದರಲ್ಲಿ ಕೂರಿಸಿ, ತಮ್ಮ ಟವೆಲ್ಲು ಹೊದಿಸಿ, ತಾವು ಬೋರ್ಡಿನ ಮುಂದೆ ನಿಂತೇ ಪಾಠ ಮಾಡುತ್ತಿದ್ದರು. ಒಂಬತ್ತನೇ ಕ್ಲಾಸಿನಲ್ಲಿ ಇಡೀ ಒಂದು ಮಧ್ಯಾಹ್ನ ನಾನು ಆ ಕುರ್ಚಿಯಲ್ಲಿ ಕೂತಿದ್ದೇನೆ.

ಅದಕ್ಕೇ ಅವರಿಗೆ ಒಂದು ಕುರ್ಚಿ ಮಾಡಿಸೋಣ ಅಂತ ತೀರ್ಮಾನಿಸಿದೆವು. ಸಾಗುವಾನಿಯ ಆರಾಮ ಕುರ್ಚಿ, ಕೂರುವ ಜಾಗಕ್ಕೆ, ಬೆನ್ನಿಗೆ ಬೆತ್ತದ ಹೆಣಿಗೆ. ಊರಿನ ಬಡಗಿಯೊಬ್ಬರು ಮೇ 25ಕ್ಕೆ ಕೊಡುತ್ತೇನೆ ಅಂದಿದ್ದಾರೆ. ಮುಂಗಡ ಕೊಡದೆ ಮರ ಕೊಯ್ಯುವುದಿಲ್ಲ ಅಂದಿದ್ದಕ್ಕೆ ನಿನ್ನೆ ನಾನು 5,000 ಕೈಯಿಂದ ಕೊಟ್ಟಿದ್ದೇನೆ. ರಸೀದಿಯ ಫೋಟೋ ಕೆಳಗಿದೆ.

ಅಂದಾಜು ಖರ್ಚು ಹೀಗಿದೆ:

ಕುರ್ಚಿ – 18,500
ಕುರ್ಚಿ ಸಾಗಿಸಲು ಗಾಡಿ – 800
ಅಮ್ಮನಿಗೆ ಇಳಕಲ್ ಸೀರೆ – 3,200
ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ – 1,800
ಹಳೇ ಗ್ರೂಪ್ ಫೋಟೋಗೆ ಪ್ರಿಂಟು, ಫ್ರೇಮು – 1,500
ಹಾಲ್ ಬಾಡಿಗೆ, ಕ್ಲೀನಿಂಗ್ ಸೇರಿ – 4,000
ಮೇಷ್ಟ್ರ ಮನೆಯವರು, ಬೇರೆ ಶಿಕ್ಷಕರು, 10 ಊಟ – 2,200
ಒಟ್ಟು – 32,000

ಗ್ರೂಪಿನಲ್ಲಿ 43 ಜನ ಇದ್ದೇವೆ. 32 ಜನ ತಲಾ 1,000 ಕೊಟ್ಟರೆ ಆಯಿತು. 43 ಜನರಿಗೆ ಭಾಗ ಮಾಡಿಲ್ಲ, ಯಾಕೆಂದರೆ ಎಲ್ಲರ ಕೈಯಲ್ಲೂ ಒಂದೇ ಸಮಯಕ್ಕೆ ದುಡ್ಡು ಇರುವುದಿಲ್ಲ. 300 ಕೊಟ್ಟರೂ ಸರಿ, 500 ಕೊಟ್ಟರೂ ಸರಿ. ಜಾಸ್ತಿ ಕೊಡುವವರಿಗೆ 2,000 ಮಿತಿ. ಅದಕ್ಕಿಂತ ಮೇಲೆ ಒಬ್ಬರಿಂದ ತೆಗೆದುಕೊಳ್ಳುವುದಿಲ್ಲ. ಇದು ಎಲ್ಲರ ಕುರ್ಚಿ ಆಗಬೇಕು.

ನಮ್ಮ ಊಟದ ಖರ್ಚು ಇದರಲ್ಲಿ ಸೇರಿಲ್ಲ. ಬರುವವರು ಎಲೆಗೆ 220ರಂತೆ ಬೇರೆ ಕೊಡಬೇಕು. ಬರಲಾಗದವರ ದುಡ್ಡಿನಲ್ಲಿ ನಾವು ಊಟ ಮಾಡುವುದು ನನಗೆ ಸರಿ ಕಾಣಲಿಲ್ಲ.

ದುಡ್ಡು ಕಳಿಸುವುದು ಹೇಗೆ ಅಂದರೆ, ನಾನು ಈ ಮೆಸೇಜು ಹಾಕುತ್ತಿರುವ ಇದೇ ನಂಬರಿಗೆ ಯುಪಿಐ ಮಾಡಿ. ಪಿನ್ ಒತ್ತುವ ಮೊದಲು ನನ್ನ ಪೂರ್ತಿ ಹೆಸರು ಬಂದಿದೆಯಾ ನೋಡಿ. ಇದು ನನ್ನ ಸಂಬಳದ ಖಾತೆ ಅಲ್ಲ, ಬೇರೆ ಉಳಿತಾಯ ಖಾತೆ, ಹಾಗಾಗಿ ಮನೆ ಖರ್ಚಿನ ಜೊತೆ ಬೆರೆಯುವುದಿಲ್ಲ. ಉಡುಗೊರೆಯ ದುಡ್ಡಾದರೆ ನೋಟ್ ಜಾಗದಲ್ಲಿ "ಕುರ್ಚಿ" ಅಂತ, ಊಟದ್ದಾದರೆ "ಊಟ" ಅಂತ ಬರೆಯಿರಿ. ಎರಡನ್ನೂ ಸೇರಿಸಿ ಕಳಿಸಬೇಡಿ. ಬೇರೆ ಯಾವುದೇ ನಂಬರಿನಿಂದ ನನ್ನ ಹೆಸರಲ್ಲಿ ದುಡ್ಡು ಕೇಳಿದರೆ, ಕ್ಯೂಆರ್ ಕೋಡ್ ಬಂದರೆ, ಅದು ನಾನಲ್ಲ. ಕಳಿಸದೆ ನನಗೆ ಫೋನ್ ಮಾಡಿ.

ಇದು ಮುಯ್ಯಿ ಅಲ್ಲ. ಯಾರು ಎಷ್ಟು ಕೊಟ್ಟರು ಅನ್ನುವುದು ಗ್ರೂಪಿನಲ್ಲೂ ಬರುವುದಿಲ್ಲ, ಅವತ್ತು ಮೈಕಿನಲ್ಲೂ ಬರುವುದಿಲ್ಲ. ಅದನ್ನು ನೋಡುವುದು ನಾನು ಮತ್ತು ನಾಗರಾಜ ಮಾತ್ರ. ಗ್ರೂಪಿಗೆ ಬರುವುದು ಎಷ್ಟು ಜನ, ಒಟ್ಟು ಎಷ್ಟು, ಯಾವುದಕ್ಕೆ ಹೋಯಿತು, ಇಷ್ಟೇ. ಎರಡು ವಾರಕ್ಕೊಮ್ಮೆ ಬಿಲ್ಲಿನ ಫೋಟೋ ಸಮೇತ ಹಾಕುತ್ತೇನೆ. ಹಿಂದೊಮ್ಮೆ ಸೇರಿದಾಗ ಲೆಕ್ಕವೇ ಬರಲಿಲ್ಲ, ಯಾರೂ ಬಾಯಿಬಿಟ್ಟು ಕೇಳಲೂ ಇಲ್ಲ, ಆದರೆ ಐದು ಜನ ಸದ್ದಿಲ್ಲದೆ ಗ್ರೂಪ್ ಬಿಟ್ಟರು. ಅದು ನನಗೆ ಇನ್ನೂ ನೋವು. ಸ್ಟೆಪ್ಸ್ ಬರೆಯದಿದ್ದರೆ ಉತ್ತರ ಸರಿ ಇದ್ದರೂ ಮೇಷ್ಟ್ರು ಅರ್ಧ ಮಾರ್ಕು ಕೊಡುತ್ತಿದ್ದರು, ನೆನಪಿದೆಯಲ್ಲ. ಸ್ಟೆಪ್ಸ್ ಬರೆಯುತ್ತೇನೆ.

ಕೊನೆಯ ದಿನ ಮೇ 20. ಈ ಅಂದಾಜಿನಲ್ಲಿ ಏನಾದರೂ ಬದಲಾಗಬೇಕು ಅನಿಸಿದರೆ ಬುಧವಾರದೊಳಗೆ ಇಲ್ಲೇ ಹೇಳಿ.

ಏಪ್ರಿಲ್ 22 (ಮಂಜುನಾಥನಿಗೆ, ಖಾಸಗಿಯಾಗಿ)

ಮಂಜ, ನಿನ್ನ ಮೆಸೇಜು ಓದಿದೆ. ಎಲೆಚುಕ್ಕೆ ರೋಗ ಬಂದ ತೋಟ ಹೇಗಿರುತ್ತೆ ಅಂತ ನಮ್ಮಪ್ಪನ ತೋಟದಲ್ಲಿ ನೋಡಿದ್ದೇನೆ ಮಾರಾಯ. ನೀನು ಇಷ್ಟು ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಈ ಸಲ ದುಡ್ಡು ಬೇಡ. ಆಮೇಲೆ ಕೊಡುತ್ತೇನೆ ಅಂತಲೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಊಟಕ್ಕೆ ಮಾತ್ರ ನೀನೂ ಅತ್ತಿಗೆಯೂ ಬರಲೇಬೇಕು, ಆ ಎರಡು ಎಲೆ ನನ್ನ ಕಡೆಯಿಂದ. ಇದು ನಮ್ಮಿಬ್ಬರಲ್ಲೇ ಇರುತ್ತೆ.

ಕೈಲಾದರೆ ಒಂದು ಕೆಲಸ ಮಾಡು. ನಿನ್ನ ಅಕ್ಷರ ಚೆನ್ನಾಗಿದೆ. ಮೇಷ್ಟ್ರಿಗೆ ಕೊಡುವ ಕಾರ್ಡಿನಲ್ಲಿ 43 ಜನರ ಹೆಸರನ್ನೂ ನೀನೇ ಬರೆದುಕೊಡು.

ಮೇ 3, ಭಾನುವಾರ (ಗ್ರೂಪಿಗೆ)

ಇವತ್ತಿನವರೆಗೆ 21 ಜನರಿಂದ 20,500 ಬಂದಿದೆ. ಖರ್ಚಾಗಿದ್ದು 9,050: ಕುರ್ಚಿ ಮುಂಗಡ 5,000, ಹಾಲ್ ಮುಂಗಡ 1,000, ಸೀರೆ 3,050. ನಾನು ಕೈಯಿಂದ ಹಾಕಿದ್ದ 5,000 ಇದರಲ್ಲೇ ವಾಪಸ್ ತೆಗೆದುಕೊಂಡಿದ್ದೇನೆ. ಉಳಿದಿದ್ದು 11,450. ಪಾಸ್‌ಬುಕ್ ಮತ್ತು ಬಿಲ್ಲುಗಳನ್ನು ನಾಗರಾಜ ನಿನ್ನೆ ಮನೆಗೆ ಬಂದು ನೋಡಿದ್ದಾನೆ.

ಸೀರೆಯನ್ನು ಬಾಗಲಕೋಟೆಯಲ್ಲಿರುವ ನಮ್ಮ ರೇಖಾ ತಾನೇ ಇಳಕಲ್ಲಿಗೆ ಹೋಗಿ ತಂದಳು. ಕಡು ಹಸಿರು ಮೈ, ಕೆಂಪು ಟೋಪಿ ಸೆರಗು. ಬಸ್ ಚಾರ್ಜು ಬೇಡ ಅಂದಳು. ಫೋಟೋ ಹಾಕಿದ್ದೇನೆ, ಆದರೆ ಫೇಸ್‌ಬುಕ್ಕಿಗೆ ಹಾಕಬೇಡಿ. ಮೇಷ್ಟ್ರ ಮಗಳು ಅಲ್ಲಿದ್ದಾಳೆ.

ಒಬ್ಬರಿಂದ 1,000 ಎರಡು ಸಲ ಬಂದಿತ್ತು. ಮೊದಲ ಸಲ "ಪೆಂಡಿಂಗ್" ಅಂತ ತೋರಿಸಿದ್ದಕ್ಕೆ ಮತ್ತೆ ಕಳಿಸಿದ್ದರು. ಅದನ್ನು ಅವರಿಗೆ ಹಿಂದಿರುಗಿಸಿದ್ದೇನೆ, ಮೇಲಿನ ಮೊತ್ತದಲ್ಲಿ ಅದು ಸೇರಿಲ್ಲ. ನಿಮಗೂ ಹಾಗಾದರೆ ತಕ್ಷಣ ಮತ್ತೆ ಕಳಿಸಬೇಡಿ. ಆ ವಹಿವಾಟಿನ 12 ಅಂಕಿಯ ಯುಟಿಆರ್ ನಂಬರ್ ನನಗೆ ಕಳಿಸಿ, ಬಂದಿದೆಯಾ ಇಲ್ಲವಾ ಅಂತ ನೋಡಿ ಹೇಳುತ್ತೇನೆ. ದುಡ್ಡು ಕಳಿಸಿ ಒಂದು ದಿನದೊಳಗೆ ನನ್ನಿಂದ "ಬಂತು" ಅಂತ ಮೆಸೇಜು ಬರದಿದ್ದರೂ ಕೇಳಿ, ಸಂಕೋಚ ಬೇಡ.

ದುಬೈಯಿಂದ ಇಕ್ಬಾಲ್ ಕೇಳಿದ್ದ. ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ ಇದ್ದು, ನಿಮ್ಮ ಬ್ಯಾಂಕು ಒಪ್ಪಿದರೆ, ಅಲ್ಲಿನ ನಂಬರಿನಿಂದಲೇ ಯುಪಿಐ ಆಗುತ್ತೆ. ಅದು ತಲೆನೋವು ಅನಿಸಿದರೆ ಊರಲ್ಲಿರುವ ತಮ್ಮನ ಕೈಲಿ ಕಳಿಸಿ, ಆದರೆ ನೋಟಿನಲ್ಲಿ ನಿಮ್ಮ ಹೆಸರು ಹಾಕಿಸಿ. ಯಾರದೋ ಗೊತ್ತಾಗದ 500 ಈಗಲೂ ಒಂದಿದೆ, ಏಪ್ರಿಲ್ 28ರ ಸಂಜೆ ಬಂದಿದ್ದು. ಯಾರದ್ದು?

ಮೇ 17, ಭಾನುವಾರ (ಗ್ರೂಪಿಗೆ)

29 ಜನ, 27,500. ಇನ್ನು 4,500 ಬೇಕು, ಮೂರು ದಿನ ಇದೆ. ಆ 500 ಜಯಂತಿಯದ್ದಂತೆ, ಪತ್ತೆಯಾಯಿತು.

ಕೊಡಬೇಕು ಅಂದುಕೊಂಡು ಮರೆತವರಿಗೆ ಮಾತ್ರ ಈ ನೆನಪು. ಆಗದವರು ಸುಮ್ನೆ ಇದ್ದುಬಿಡಿ, ಕಾರಣ ಹೇಳಬೇಕಿಲ್ಲ. ಕಾರ್ಡಿನಲ್ಲಿ ಹೇಗೂ 43 ಹೆಸರೂ ಇರುತ್ತೆ, ಅದಕ್ಕೂ ದುಡ್ಡಿಗೂ ಸಂಬಂಧ ಇಲ್ಲ.

ಊಟಕ್ಕೆ ಎಷ್ಟು ಜನ ಅಂತ ಮೇ 24ರೊಳಗೆ ಹೇಳಲೇಬೇಕು. ಅಡಿಗೆಯವರು ಅವತ್ತಿನ ಲೆಕ್ಕಕ್ಕೇ ಸಾಮಾನು ತರುತ್ತಾರೆ. ಕೋಸಂಬರಿ, ಎರಡು ಪಲ್ಯ, ಅಪ್ಪೆಹುಳಿ, ಚಿತ್ರಾನ್ನ, ಅನ್ನ, ಸಾರು, ಹುಳಿ, ಹಲಸಿನ ಹಪ್ಪಳ, ಕೇಸರಿಬಾತು, ಮಜ್ಜಿಗೆ. ತೊಡದೇವು ಸವಿತಾಳ ಅತ್ತೆ ಮಾಡಿಕೊಡುತ್ತಾರಂತೆ, ಅದಕ್ಕೆ ದುಡ್ಡಿಲ್ಲ. ಮಕ್ಕಳಿಗೂ ಪೂರ್ತಿ ಎಲೆ ಹಾಕಿಸುವುದಾದರೆ 220, ಅಮ್ಮನ ಎಲೆಯಲ್ಲೇ ತಿನ್ನುವ ಚಿಕ್ಕವರಿಗೆ ಏನೂ ಇಲ್ಲ.

ತುಮರಿ ಕಡೆಯವರೇ, ಈಗ ಸೇತುವೆ ಇದೆ, ಲಾಂಚಿಗೆ ಕಾಯುವ ಮಾತಿಲ್ಲ. ಹತ್ತೂವರೆಗೆ ಬಂದುಬಿಡಿ. ಬೆಂಗಳೂರಿನಿಂದ ರಾತ್ರಿ ರೈಲಿಗೆ ಬರುವವರು ನಾಗರಾಜನಿಗೆ ಹೇಳಿ, ಸ್ಟೇಷನ್ನಿಗೆ ಗಾಡಿ ತರುತ್ತಾನೆ.

ಜೂನ್ 2, ಮಂಗಳವಾರ (ಗ್ರೂಪಿಗೆ)

ಬಂದವರಿಗೆ, ಬರಲಾಗದೆ ದುಡ್ಡು ಕಳಿಸಿದವರಿಗೆ, ಅವತ್ತು ಬೆಳಿಗ್ಗೆ ಎಲೆ ಹಾಕಿದವರಿಗೆ ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಮೊದಲು ಲೆಕ್ಕ.

ಬಂದಿದ್ದು: 38 ಜನರಿಂದ 36,500

ಕುರ್ಚಿ – 18,500
ಗಾಡಿ – 700
ಸೀರೆ – 3,050
ಶಾಲು, ಪೇಟ, ಹಾರ, ಹಣ್ಣು – 1,960
ಫೋಟೋ, ಫ್ರೇಮು – 1,500
ಹಾಲ್ – 4,000
ಅತಿಥಿಗಳ 11 ಊಟ – 2,420
ಒಟ್ಟು ಖರ್ಚು – 32,130
ಉಳಿದಿದ್ದು – 4,370

ಊಟದ ಲೆಕ್ಕ ಬೇರೆ: ನಮ್ಮ 61 ಎಲೆಗೆ 13,420 ಬಂತು, ಅತಿಥಿಗಳ 2,420 ಸೇರಿಸಿ 72 ಎಲೆಗೆ 15,840 ಅಡಿಗೆಯವರಿಗೆ ಕೊಟ್ಟಾಯಿತು. ಅದರಲ್ಲಿ ಏನೂ ಉಳಿದಿಲ್ಲ. ಹಾರ, ಹಣ್ಣಿಗೆ ಅಂದಾಜಿಗಿಂತ 160 ಜಾಸ್ತಿ ಆಗಿದ್ದು ಅವತ್ತು ಹೂವಿನ ರೇಟು ಏರಿದ್ದರಿಂದ. ಹೂವಿನವನು ಬಿಲ್ಲು ಕೊಡಲಿಲ್ಲ, ನಾಗರಾಜ ಜೊತೆಗಿದ್ದ. ಉಳಿದ ಎಲ್ಲದರ ಬಿಲ್ಲು ಕೆಳಗಿದೆ. ನಾಗರಾಜ ಪಾಸ್‌ಬುಕ್ ಜೊತೆ ಹೋಲಿಸಿ ನೋಡಿ, ಸರಿ ಇದೆ ಅಂತ ಕೆಳಗೇ ಬರೆಯುತ್ತಾನೆ.

ಬರಲಾಗದವರಿಗಾಗಿ ಒಂದು ವಿಷಯ. ಕುರ್ಚಿಯ ಮೇಲಿನ ಬಟ್ಟೆ ತೆಗೆದಾಗ ಮೇಷ್ಟ್ರು ಏನೂ ಮಾತಾಡಲಿಲ್ಲ. ಬೆತ್ತದ ಮೇಲೆ ಅಂಗೈ ಇಟ್ಟು ಹಾಗೇ ನಿಂತರು. ಕೂತುಕೊಳ್ಳಿ ಸರ್ ಅಂತ ಎಲ್ಲರೂ ಕೂಗುತ್ತಿದ್ದೆವು. ಅವರು ಸುತ್ತ ನೋಡಿ, ಗೋಡೆಗೆ ಒರಗಿ ನಿಂತಿದ್ದ ರಮೇಶನ ತಾಯಿಯನ್ನು ಕೈ ಹಿಡಿದು ಕರೆತಂದು ಮೊದಲು ಅವರನ್ನು ಕೂರಿಸಿದರು. ಆಮೇಲೆ ಮಂಜ ಬರೆದ ಕಾರ್ಡು ತೆಗೆದು, ಒಂದೊಂದೇ ಹೆಸರು ಓದಿ, ಅವರವರ ರೋಲ್ ನಂಬರ್ ಹೇಳಿದರು. ಎರಡೇ ತಪ್ಪಾಗಿದ್ದು. ಬರದವರ ಹೆಸರನ್ನೂ ಓದಿದರು. ವಿಡಿಯೋ ಸಂಜೆ ಹಾಕುತ್ತೇನೆ.

ಉಳಿದ 4,370ಕ್ಕೆ ಎರಡು ಸಲಹೆ ಬಂದಿದೆ. ಒಂದು, ನಮ್ಮ ಶಾಲೆಯ ಈಗಿನ ಹತ್ತನೇ ಕ್ಲಾಸಿನ ಮಕ್ಕಳಿಗೆ ಜ್ಯಾಮಿಟ್ರಿ ಬಾಕ್ಸು ಕೊಡಿಸುವುದು. ಇನ್ನೊಂದು, ಕೊಟ್ಟವರಿಗೆ ಅವರವರ ಪಾಲು ವಾಪಸ್ ಹಾಕುವುದು. ನನಗೆ ಮೊದಲನೆಯದು ಇಷ್ಟ, ಆದರೆ ದುಡ್ಡು ನಿಮ್ಮದು. ಕೆಳಗೆ ಪೋಲ್ ಹಾಕಿದ್ದೇನೆ, ಭಾನುವಾರ ರಾತ್ರಿ ಒಂಬತ್ತರವರೆಗೆ ಒತ್ತಬಹುದು. ಜ್ಯಾಮಿಟ್ರಿ ಬಾಕ್ಸು ಗೆದ್ದರೂ ತಮ್ಮ ಪಾಲು ವಾಪಸ್ ಬೇಕು ಅನ್ನುವವರು ನನಗೆ ಖಾಸಗಿಯಾಗಿ ಹೇಳಿ, ಅವರದ್ದು ಮೊದಲು ಕಳಿಸಿ ಉಳಿದಿದ್ದರಲ್ಲಿ ಬಾಕ್ಸು ತರುತ್ತೇವೆ.