ಏಳನೆಯ ದಿನ

ಹೊರಗೆ ರಾಯಚೂರಿನ ಬಿಸಿಲು ನಲವತ್ತೆರಡು ಡಿಗ್ರಿ. ಇನ್‌ಕ್ಯುಬೇಟರ್ ಒಳಗೆ ಇಪ್ಪತ್ತೆಂಟು. ತನಗಿಲ್ಲದ ತಂಪು ಶೇಂಗಾ ಬೇರಿನ ಗಂಟಿನ ಬ್ಯಾಕ್ಟೀರಿಯಾಗಳಿಗೆ ಸಿಕ್ಕಿದೆಯಲ್ಲ ಎಂದು ನಾಗವೇಣಿಗೆ ಹೊಟ್ಟೆಕಿಚ್ಚು.

ಎರಡನೆಯ ದಿನದೊಳಗೆ ಆಕೆ ಅವುಗಳನ್ನು ಬೆಳೆಯಲು ಇಟ್ಟಿದ್ದ ತಟ್ಟೆಯನ್ನು ಹನ್ನೊಂದು ಬಾರಿ ಹೊರತೆಗೆದಿದ್ದಳು. ಬೆಳಕಿಗೆ ಹಿಡಿದು ನೋಡುವುದು, ತಡೆಯಲಾರದೆ ಮುಚ್ಚಳವನ್ನು ತುಸುವೇ ಎತ್ತುವುದು. ಮೂರನೆಯ ದಿನ ಕೆಂಪು ಚುಕ್ಕೆಯೊಂದು ಕಂಡಿತು. ಕುಣಿಯುತ್ತ ಮೇಡಂ ಬಳಿ ಓಡಿದಳು.

"ಕಾಂಗೋ ರೆಡ್ ಬಣ್ಣವನ್ನು ಇಷ್ಟು ಗಾಢವಾಗಿ ಹೀರಿದೆ. ನಮಗೆ ಬೇಕಾದ ಗಂಟಿನ ಬ್ಯಾಕ್ಟೀರಿಯಾ, ರೈಜೋಬಿಯಾ, ಸಾಮಾನ್ಯವಾಗಿ ಬಿಳಿಯಾಗಿಯೇ ಉಳಿಯುತ್ತವೆ. ಇದು ಕರೆಯದೆ ಬಂದ ಅತಿಥಿ. ಬಾಗಿಲು ತೆರೆದವರು ಯಾರು?"

ನಾಗವೇಣಿ ನೆಲ ನೋಡಿದಳು. ಹೊಸ ತಟ್ಟೆಯ ಮೇಲೆ ಬ್ಯಾಕ್ಟೀರಿಯಾಗಳನ್ನು ಗೀರಾಗಿ ಎಳೆದು, ಅಂಚಿಗೆ ಪ್ಯಾರಾಫಿಲ್ಮ್ ಸುತ್ತಿ, ತಲೆಕೆಳಗಾಗಿ ಇಟ್ಟಳು.

ರಾತ್ರಿ ಲಿಂಗಸುಗೂರಿನಿಂದ ಅವ್ವನ ಫೋನು.

"ಬೆಳೆಯಿತೇನವ್ವಾ ನಿನ್ನ ಹುಳ?"

"ಹುಳವಲ್ಲ ಅವ್ವಾ. ಇನ್ನೂ ಇಲ್ಲ."

"ಚಿಕ್ಕವಳಿದ್ದಾಗ ಬಿತ್ತಿದ ಮರುದಿನವೇ ಸಾಲು ಕೆದರಿ ಬೀಜ ನೋಡುತ್ತಿದ್ದೆ. ನಿಮ್ಮಪ್ಪ ಬಾರುಕೋಲು ಹಿಡಿದು ಅಟ್ಟಿಸಿಕೊಂಡು ಬಂದಿದ್ದರು, ನೆನಪಿದೆಯೆ?"

ನಾಲ್ಕು, ಐದು, ಆರು. ಆಕೆ ಗಾಜಿನ ಸಾಮಾನು ತೊಳೆದಳು, ದಾಖಲೆ ಪುಸ್ತಕ ತಿದ್ದಿದಳು, ಒಮ್ಮೆ ಕೋಟೆಯವರೆಗೆ ನಡೆದು ಬಂದಳು. ಇನ್‌ಕ್ಯುಬೇಟರ್ ಬಾಗಿಲು ತೆರೆಯಲಿಲ್ಲ ಎಂದರೆ ಸುಳ್ಳಾದೀತು. ಉಷ್ಣಾಂಶ ಬರೆಯಲು ದಿನಕ್ಕೊಮ್ಮೆ ತೆರೆದಳು. ತಟ್ಟೆ ಮುಟ್ಟಲಿಲ್ಲ.

ಏಳನೆಯ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಹಿಡಿದಳು. ಗೀರಿನ ಕೊನೆಯಲ್ಲಿ ಗಸಗಸೆ ಕಾಳಿನಂಥ ಬಿಳಿ ಚುಕ್ಕೆಗಳು. ಒಂದು, ಎರಡು, ಒಂಬತ್ತು. ಮೇಡಂ ಇನ್ನೂ ಬಂದಿರಲಿಲ್ಲ. ನಾಗವೇಣಿ ತಟ್ಟೆಯನ್ನು ಮತ್ತೆ ಒಳಗಿಟ್ಟು ಚಹಾ ಕುಡಿಯಲು ಹೋದಳು.