ನನ್ನ ಪಾಕೀಟು ಮರಳಿಸಿದ ಗೂಡ್ಸ್ ಆಟೋದ ಯಜಮಾನರಿಗೆ

ಕಳೆದ ಶನಿವಾರ ಸಂಜೆ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಚಶ್ಮಾ ಅಂಗಡಿಯೊಂದರಲ್ಲಿ ನನ್ನ ಪಾಕೀಟನ್ನು ನನ್ನ ಕೈಗೆ ಒಪ್ಪಿಸಿ, ಹೆಸರು ಕೇಳಿದಾಗ “ಹೆಸರ ತಗೊಂಡ ಏನ್ ಮಾಡ್ತೀರಿ, ಬಿಡ್ರಿ” ಎಂದು ನಕ್ಕು, ಮಳೆಯಲ್ಲಿಯೇ ತಮ್ಮ ಗೂಡ್ಸ್ ಆಟೋ ಏರಿ ಹೊರಟುಹೋದ ತಮಗೆ ನಾನು ಅಂದು ಸರಿಯಾಗಿ ಧನ್ಯವಾದ ಹೇಳಲಿಲ್ಲ. ಹೇಳಬೇಕೆಂದುಕೊಂಡ ಮಾತು ಆಗ ಬಾಯಿಗೆ ಬರಲಿಲ್ಲ. ತಾವು ಮೊಬೈಲಿನಲ್ಲಿ ಏನನ್ನೂ ಓದುವುದಿಲ್ಲವೆಂದೂ, ತಮ್ಮ ಮಗಳು ಮಾತ್ರ ಊರಿನ ಸುದ್ದಿಯನ್ನೆಲ್ಲ ಓದಿ ತಮಗೆ ಹೇಳುತ್ತಾಳೆಂದೂ ಚಹಾ ಕುಡಿಯುವಾಗ ತಾವೇ ಹೇಳಿದ್ದಿರಿ. ಆ ಹುಡುಗಿಯ ಕಣ್ಣಿಗೆ ಇದು ಬೀಳಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಧನ್ಯವಾದದ ಜೊತೆಗೆ ಒಂದು ಕ್ಷಮಾಪಣೆಯೂ ಇದೆ.

ನಾನು ಧಾರವಾಡದಲ್ಲಿ ಪ್ರೌಢಶಾಲೆಯ ಶಿಕ್ಷಕ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಮಧ್ಯಾಹ್ನ ಜ್ಯುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ಸು ಹತ್ತಿ ಹೊಸೂರಿನಲ್ಲಿ ಇಳಿದಾಗ ಆಷಾಢದ ಜಿಟಿಜಿಟಿ ಮಳೆ ಹಿಡಿದುಕೊಂಡಿತ್ತು. ಮೊದಲು ದುರ್ಗದ ಬೈಲಿಗೆ ಹೋಗಿ ಮನೆಗೆ ಬೇಕಾದ ನಾಲ್ಕು ಸಾಮಾನು ಕೊಂಡು, ಆಮೇಲೆ ಚಶ್ಮಾ ಅಂಗಡಿಗೆ ಹೋಗುವುದೆಂದು ಲೆಕ್ಕ ಹಾಕಿದ್ದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಅವಸರದಲ್ಲಿ ಆಟೋ ಏರಿದಾಗಲೇ ಹಿಂದಿನ ಕಿಸೆಯಿಂದ ಪಾಕೀಟು ಜಾರಿರಬೇಕು. ದುರ್ಗದ ಬೈಲಿನಲ್ಲಿ ಇಳಿದು ಬಾಡಿಗೆ ಕೊಡಲು ಕಿಸೆಗೆ ಕೈ ಹಾಕಿದಾಗ ಅಲ್ಲಿ ಬರೀ ಬಟ್ಟೆ ಸಿಕ್ಕಿತು. ಆಟೋದವರಿಗೆ ಮೊಬೈಲಿನಿಂದ ಹಣ ಕಳಿಸಿ, ಅದೇ ಆಟೋದ ಸೀಟಿನ ಕೆಳಗೆಲ್ಲ ಹುಡುಕಿ, ಏನೂ ಸಿಗದೆ, ಒಂದು ಬಟ್ಟೆ ಅಂಗಡಿಯ ತಗಡಿನ ಕೆಳಗೆ ನಿಂತು ಮೊದಲು ಬ್ಯಾಂಕಿಗೆ ಫೋನು ಮಾಡಿ ಎಟಿಎಂ ಕಾರ್ಡು ಬಂದ್ ಮಾಡಿಸಿದೆ.

ಅದಾದ ಹತ್ತಿಪ್ಪತ್ತು ನಿಮಿಷಕ್ಕೆ ಗುರುತಿಲ್ಲದ ಸಂಖ್ಯೆಯೊಂದರಿಂದ ಕರೆ ಬಂದಿತು. “ನಿಮ್ಮ ಪಾಕೀಟ ಏನರ ಕಳದೈತೇನ್ರಿ ಸರ?” ಎಂದು ಕೇಳಿದವರು ತಾವು. ಈಗ ಯೋಚಿಸಿದರೆ ಇದಕ್ಕಿಂತ ನೇರವಾದ ಪ್ರಶ್ನೆ ಇನ್ನೊಂದಿಲ್ಲ. ಆದರೆ ಕಾರ್ಡು ಬಂದ್ ಮಾಡಿಸಿದ ಬೆನ್ನಲ್ಲೇ ಬಂದ ಕರೆಯಾದ್ದರಿಂದ, ಇದು ಹಣ ಹೊಡೆಯುವವರದೇ ಕೆಲಸವೆಂದು ನಾನು ತೀರ್ಮಾನಿಸಿಬಿಟ್ಟೆ. ಬ್ಯಾಂಕಿನಿಂದ ಎಂದೂ ಪೊಲೀಸರೆಂದೂ ಹೇಳಿಕೊಂಡು ಓಟಿಪಿ ಕೇಳುವವರ ಕಾಟದ ಬಗ್ಗೆ ಶಾಲೆಯಲ್ಲಿ ಮಕ್ಕಳಿಗೆ ನಾನೇ ಪಾಠ ಹೇಳಿದ್ದೆ, 1930ಕ್ಕೆ ಫೋನು ಮಾಡಬೇಕೆಂದು ಫಲಕದ ಮೇಲೆ ಬರೆದೂ ಇದ್ದೆ. ಆ ಜಾಣತನವನ್ನೆಲ್ಲ ತಮ್ಮ ಮೇಲೆ ಸುರಿದೆ. “ನಿಮ್ಮಂಥವರನ್ನ ಭಾಳ ಮಂದಿ ನೋಡೇನಿ, ಇಡ್ರಿ ಫೋನ್” ಎಂದು ಕರೆಯನ್ನು ಕತ್ತರಿಸಿದೆ. ತಾವು ಎರಡನೆಯ ಸಲ ಮಾಡಿದಾಗ ಒಂದು ಮಾತೂ ಕೇಳಿಸಿಕೊಳ್ಳದೆ ಮತ್ತೆ ಕತ್ತರಿಸಿದೆ. ಮೂರನೆಯ ಸಲ ಚಶ್ಮಾ ಅಂಗಡಿಯ ಮಾಲೀಕರೇ ಮಾತನಾಡಿ, “ಸರ, ನಿಮ್ಮ ಚಶ್ಮಾ ತಯಾರಾಗೇದ, ನಿಮ್ಮ ಪಾಕೀಟನೂ ಇಲ್ಲೇ ಬಂದು ಕೂತದ” ಎಂದಾಗಲೇ ನನಗೆ ನಂಬಿಕೆ ಬಂದದ್ದು.

ಪಾಕೀಟು ತಮಗೆ ಸಿಕ್ಕಿದ್ದು ಹೊಸೂರಿನ ಆಟೋ ನಿಲ್ಲುವ ಜಾಗದಲ್ಲಿ, ನೀರು ನಿಂತ ಗುಂಡಿಯ ಅಂಚಿನಲ್ಲಿ ಎಂಬುದನ್ನು ಆಮೇಲೆ ತಿಳಿದೆ. ಕಳೆದುಕೊಂಡವರು ಹುಡುಕಿಕೊಂಡು ಬರಬಹುದೆಂದು ತಾವು ಅಲ್ಲಿಯೇ ಅರ್ಧ ಗಂಟೆ ಕಾದಿರಿ. ನಾನೋ ಬಿದ್ದದ್ದು ದುರ್ಗದ ಬೈಲಿನಲ್ಲೇ ಎಂದು ನಂಬಿ ಅಲ್ಲಿನ ಗಟಾರಗಳನ್ನು ಇಣುಕುತ್ತಿದ್ದೆ. ಒಳಗಿದ್ದ ಲೈಸೆನ್ಸಿನಲ್ಲಿ ಕುಂದಗೋಳ ತಾಲ್ಲೂಕಿನ ನಮ್ಮ ಹಳ್ಳಿಯ ವಿಳಾಸವಿತ್ತೇ ಹೊರತು ಫೋನ್ ಸಂಖ್ಯೆ ಇರಲಿಲ್ಲ. ಆಧಾರ್ ಕಾರ್ಡಿನಲ್ಲಿಯೂ ಅದೇ ಹಳೆಯ ವಿಳಾಸ. ಹೀಗೆ ದಾರಿ ಮುಚ್ಚಿದಾಗ ಬೇರೆಯವರಾಗಿದ್ದರೆ ಹತ್ತಿರದ ಠಾಣೆಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು, ಅದರಲ್ಲಿ ತಪ್ಪೂ ಇರಲಿಲ್ಲ. ತಾವು ಮಾತ್ರ ತೊಯ್ದು ಮೆತ್ತಗಾಗಿದ್ದ ಚಶ್ಮಾ ಅಂಗಡಿಯ ಪಾವತಿಯನ್ನು ಬಿಡಿಸಿ, ಅದರ ಮೇಲಿನ ನಂಬರನ್ನು ಮಗಳಿಂದ ಕಲಿತ ಅಂಕಿಯಲ್ಲಿ ಓದಿಕೊಂಡು, ಗಾಡಿಯನ್ನು ಅಲ್ಲಿಗೇ ತಿರುಗಿಸಿದಿರಿ. ಅಂಗಡಿಯವರು ವಹಿಯಲ್ಲಿ ಆ ನಂಬರು ಹುಡುಕಿ ನನ್ನ ಫೋನ್ ಸಂಖ್ಯೆ ಕೊಟ್ಟರು. ಇದಕ್ಕಾಗಿ ಅಮರಗೋಳದ ಮಾರುಕಟ್ಟೆಯಿಂದ ಉಳ್ಳಾಗಡ್ಡಿ ಚೀಲ ತರುವ ಎರಡು ಖೇಪು ತಾವು ಬಿಟ್ಟಿರೆಂಬುದನ್ನು ತಾವು ಹೇಳಲಿಲ್ಲ. ತಮಗೆ ಬಂದ ಫೋನಿನಲ್ಲಿ ಯಾರೋ ಜೋರಾಗಿ ಬೈಯುತ್ತಿದ್ದುದು ಪಕ್ಕದಲ್ಲಿ ಕೂತಿದ್ದ ನನಗೆ ಕೇಳಿಸಿತು.

ಅಂಗಡಿಗೆ ನಾನು ಓಡಿಬಂದಾಗ ತಾವು ಪಾಕೀಟನ್ನು ಕೂಡಲೇ ಕೊಡಲಿಲ್ಲ. “ಅದರಾಗ ಏನೇನ್ ಇತ್ತು, ಹೇಳ್ರಿ” ಎಂದಿರಿ. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಪ್ರಶ್ನೆ ಕೇಳುತ್ತ ಬಂದವನಿಗೆ ಆ ಗಳಿಗೆಯಲ್ಲಿ ಸ್ವಲ್ಪ ಮುಜುಗರವಾದದ್ದು ನಿಜ. ಆದರೆ ತಾವು ಮಾಡಿದ್ದೇ ಸರಿ. ಏಳು ಐನೂರರ ನೋಟು, ಎರಡು ನೂರರ ನೋಟು, ನಾಲ್ಕು ಹತ್ತರ ನೋಟು ಎಂದೆ. ತಾವು ತಲೆಯಾಡಿಸಿದಿರಿ. ಕಾರ್ಡುಗಳನ್ನು ಹೇಳಿದೆ. “ಇನ್ನೂ ಒಂದೈತಿ” ಎಂದಿರಿ. ಅದನ್ನು ಮೊದಲು ಹೇಳಬೇಕಿತ್ತು, ಕೊನೆಗೆ ಉಳಿಸಿಕೊಂಡಿದ್ದೆ.

ಅದು ನಮ್ಮ ತಂದೆಯವರು ಬರೆದ ಚೀಟಿ. ಆರು ವರ್ಷದ ಹಿಂದೆ ಅವರು ಆಸ್ಪತ್ರೆಯಲ್ಲಿದ್ದಾಗ ಗಂಟಲಿಗೆ ನಳಿಗೆ ಹಾಕಿದ್ದರಿಂದ ಮಾತು ನಿಂತಿತ್ತು. ಏನಾದರೂ ಬೇಕೆನಿಸಿದರೆ ಬರೆಯಲೆಂದು ಔಷಧದ ಬಿಲ್ಲನ್ನೂ ಒಂದು ಪೆನ್ಸಿಲನ್ನೂ ಕೊಟ್ಟೆವು. ಆಸ್ತಿಯ ವಿಷಯವೋ ತಂಗಿಯ ಮದುವೆಯ ಸಾಲದ ವಿಷಯವೋ ಬರೆಯುತ್ತಾರೆಂದು ನಾವೆಲ್ಲ ಬಗ್ಗಿ ನೋಡಿದರೆ, ಅವರು ಸೊಟ್ಟ ಅಕ್ಷರದಲ್ಲಿ “ಎಮ್ಮಿಗೆ ನೀರು ಇಟ್ಟೀರೇನು” ಎಂದು ಬರೆದಿದ್ದರು. ಅವರ ಕೈಯಿಂದ ಬಂದ ಕಡೆಯ ಬರಹ ಅದು. ಅಂದಿನಿಂದ ಆ ಚೀಟಿ ನನ್ನ ಪಾಕೀಟಿನ ಒಳಮಡಿಕೆಯಲ್ಲಿತ್ತು. ಕಾಗದ ಸವೆದು ಮಡಿಕೆಯಲ್ಲಿ ಹರಿಯಲು ಬಂದಿತ್ತು.

ಪಾಕೀಟು ಪೂರ್ತಿ ತೊಯ್ದಿತ್ತು. ತಾವು ಹಣವನ್ನು ತೊಯ್ದ ಹಾಗೆಯೇ ಬಿಟ್ಟಿದ್ದಿರಿ. ಚೀಟಿಯನ್ನು ಮಾತ್ರ ಹೊರಗೆ ತೆಗೆದು, ಅಂಗಡಿಯವರಿಂದ ಚಶ್ಮಾ ಒರೆಸುವ ಬಟ್ಟೆ ಕೇಳಿ ಇಸಿದುಕೊಂಡು, ಅದರ ನಡುವೆ ಚಪ್ಪಟೆಯಾಗಿ ಇಟ್ಟು, ಮೇಲೊಂದು ಪ್ಲಾಸ್ಟಿಕ್ ಹಾಳೆ ಸುತ್ತಿ, ಗಲ್ಲಾದ ಮೇಜಿನ ಮೇಲೆ ದಪ್ಪ ವಹಿಯ ಕೆಳಗೆ ಒತ್ತಿಟ್ಟಿದ್ದಿರಿ. ಬಿಲ್ಲಿನ ಕಡೆಯ ಶಾಯಿ ಹರಡಿ ನೀಲಿಯಾಗಿದ್ದರೂ ಪೆನ್ಸಿಲಿನ ಅಕ್ಷರ ಒಂದೂ ಅಳಿಸಿರಲಿಲ್ಲ. ಅದನ್ನು ಎರಡೂ ಕೈಯಿಂದ ನನಗೆ ಕೊಡುತ್ತ ತಾವು ಕೇಳಿದ್ದು ಒಂದೇ ಪ್ರಶ್ನೆ: “ಆ ಎಮ್ಮಿ ಇನ್ನೂ ಐತೇನ್ರಿ?”

ಚೀಟಿಯನ್ನು ನಾನು ಬಂಧುಗಳಿಗೆ, ಸಹೋದ್ಯೋಗಿಗಳಿಗೆ ತೋರಿಸಿದ್ದುಂಟು. ಕೆಲವರು ನಕ್ಕಿದ್ದಾರೆ, ಕೆಲವರು ಕಣ್ಣು ಒರೆಸಿಕೊಂಡಿದ್ದಾರೆ. ಎಮ್ಮೆಯನ್ನು ವಿಚಾರಿಸಿದವರು ತಾವೊಬ್ಬರೇ. ನಮ್ಮ ತಂದೆಯವರಿಗೆ ಬೇಕಾಗಿದ್ದ ಉತ್ತರವೂ ಅದೇ ಆಗಿತ್ತಲ್ಲವೇ ಎಂದು ಹೊಳೆದು, ನನಗೆ ಆ ಕ್ಷಣ ಏನು ಹೇಳಲೂ ಆಗಲಿಲ್ಲ. ತಾವು ಅದನ್ನು ಗಮನಿಸಿ, ಗಾಡಿಗೆ ಹಾಕಿದ ತಾಡಪತ್ರಿ ಸರಿಮಾಡುವ ನೆವದಿಂದ ಹೊರಗೆ ಹೋದಿರಿ.

ಆದ್ದರಿಂದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಆ ಎಮ್ಮೆ ತಂದೆಯವರು ಹೋದ ಎರಡು ವರ್ಷಕ್ಕೆ ತೀರಿಕೊಂಡಿತು. ಅದರ ಮಗಳು ಹಳ್ಳಿಯಲ್ಲಿ ನಮ್ಮ ಅಣ್ಣನ ಕೊಟ್ಟಿಗೆಯಲ್ಲಿದೆ, ಈ ಯುಗಾದಿಯ ಮುಂದೆ ಅದೂ ಒಂದು ಹೆಣ್ಣುಗರು ಹಾಕಿದೆ. ಅಚ್ಚ ಧಾರವಾಡಿ ಎಮ್ಮೆ, ಕೋಡು ಹಿಂದಕ್ಕೆ ಬಾಗಿ ಬೆನ್ನ ಕಡೆಗೆ ಹೋಗಿವೆ. 2021ರಲ್ಲಿ ಧಾರವಾಡಿ ಎಮ್ಮೆಯನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದರೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ನಮ್ಮ ತಾಯಿ “ನಿಮ್ಮಪ್ಪಗ ಇದು ಮೊದ್ಲ ಗೊತ್ತಿತ್ತು” ಎಂದಿದ್ದರು. ನೀರನ್ನು ದಿನಕ್ಕೆ ಎರಡು ಸಲ ತಪ್ಪದೆ ಇಡುತ್ತಾರೆ.

ಹಣದ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. 3,740 ರೂಪಾಯಿ ಪೂರ್ತಿ ಇತ್ತು; ಎಣಿಸಿ ನೋಡುವವರೆಗೆ ತಾವು ನನ್ನನ್ನು ಬಿಡಲಿಲ್ಲ. ಬಿಟ್ಟ ಖೇಪುಗಳ ಬಾಡಿಗೆಯನ್ನಾದರೂ ತೆಗೆದುಕೊಳ್ಳಿರೆಂದು ಐನೂರರ ನೋಟು ಮುಂದೆ ಹಿಡಿದಾಗ ತಾವು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡಿರಿ. ಗಿರ್ಮಿಟ್ ತಿನ್ನೋಣ ಎಂದದ್ದಕ್ಕೆ ಮಾತ್ರ ಒಪ್ಪಿದಿರಿ. ಬದಿಯ ಅಂಗಡಿಯಲ್ಲಿ ಗಿರ್ಮಿಟ್ಟು, ಬಿಸಿ ಮಿರ್ಚಿ, ಎರಡು ಚಹಾ ಆದಮೇಲೆ ನಾನು ಪಾಕೀಟು ತೆಗೆಯುವಷ್ಟರಲ್ಲಿ, “ಈಗಷ್ಟ ಸಿಕ್ಕೈತಿ, ಇಷ್ಟ ಲಗೂನ ತೆಗೀಬ್ಯಾಡ್ರಿ, ಧಾರವಾಡದಿಂದ ನಮ್ಮೂರಿಗೆ ಬಂದೀರಿ” ಎಂದು ಅದನ್ನೂ ತಾವೇ ಕೊಟ್ಟುಬಿಟ್ಟಿರಿ. ಎರಡೂ ಅವಳಿ ನಗರಗಳೇ ಅಲ್ಲವೇ ಎಂದು ವಾದಿಸಿ ನೋಡಿದೆ. ಗಿರ್ಮಿಟ್ಟಿನ ಅಂಗಡಿಯವರೂ ತಮ್ಮ ಪಕ್ಷವನ್ನೇ ವಹಿಸಿದರು.

ಎರಡು ಸಲ ಕರೆ ಕತ್ತರಿಸಿ ತಮ್ಮನ್ನು ಕಳ್ಳರ ಸಾಲಿಗೆ ಸೇರಿಸಿದ್ದಕ್ಕೆ, ಯಜಮಾನರೇ, ನನ್ನನ್ನು ಕ್ಷಮಿಸಬೇಕು. ಅಷ್ಟು ಒರಟು ಮಾತು ಕೇಳಿದ ಮೇಲೆಯೂ ಮೂರನೆಯ ಸಲ ಫೋನು ಮಾಡಿಸಿದ ತಮ್ಮ ತಾಳ್ಮೆಗೆ ನಾನು ಋಣಿ. ಮಡಚಿದ ಕಾಗದದ ತುಂಡೊಂದನ್ನು ಹಣಕ್ಕಿಂತ ಮೊದಲು ಒಣಗಿಸಬೇಕೆಂದು ತಮಗೆ ತೋಚಿದ್ದಕ್ಕೆ ನಮ್ಮ ಮನೆಯವರೆಲ್ಲ, ವಿಶೇಷವಾಗಿ ನಮ್ಮ ತಾಯಿ, ಕೈ ಮುಗಿದು ವಂದನೆ ತಿಳಿಸಿದ್ದಾರೆ. ತಾವು ಗಾಡಿ ಏರುವಾಗ “ಇದನ್ನ ಪಾಕೀಟಿನ್ಯಾಗ ಇಟ್ಕೊಂಡ ತಿರಗಬ್ಯಾಡ್ರಿ” ಎಂದು ಹೇಳಿದಂತೆ ಚೀಟಿಯನ್ನು ಗಾಜಿನ ಚೌಕಟ್ಟಿಗೆ ಹಾಕಿಸಿ ದೇವರ ಮನೆಯ ಪಕ್ಕದ ಗೋಡೆಗೆ ತೂಗುಹಾಕಿದ್ದೇವೆ.

ಶ್ರಾವಣದ ಯಾವುದಾದರೊಂದು ರವಿವಾರ ಬಿಡುವು ಮಾಡಿಕೊಂಡು ಮನೆಯವರನ್ನೂ ಮಗಳನ್ನೂ ಕರೆದುಕೊಂಡು ನಮ್ಮ ಹಳ್ಳಿಗೆ ಬರಬೇಕು. ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಇರುತ್ತದೆ, ಎಮ್ಮೆಯನ್ನೂ ಕರುವನ್ನೂ ನೋಡಿದ ಹಾಗಾಗುತ್ತದೆ. ಅಲ್ಲಿಯಾದರೂ ತಾವು ಹಣ ಕೊಡುವಂತಿಲ್ಲ. ನನ್ನ ಫೋನ್ ಸಂಖ್ಯೆ ಇನ್ನೂ ಆ ಚಶ್ಮಾ ಅಂಗಡಿಯ ವಹಿಯಲ್ಲಿಯೇ ಇದೆ. ತಾವು ಯಾವ ನಂಬರಿನಿಂದ ಮಾಡಿದರೂ ಈ ಸಲ ಕರೆ ಕತ್ತರಿಸುವುದಿಲ್ಲ.